ಹವೀಜ ತಂಪೋ, ಉಷ್ಣವೋ?

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣಾ ನದಿಯ ದಂಡೆಯ ಊರು. ಯುಗಾದಿ ಕಳೆದು ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ಇಲ್ಲಿಂದ ಮಾನ್ವಿ, ರಾಯಚೂರಿನವರೆಗೆ ಊಟದ ಮಾತಿನಲ್ಲಿ ಎರಡು ಶಬ್ದಗಳು ಮತ್ತೆ ಮತ್ತೆ ಕೇಳಿಬರುತ್ತವೆ: ತಂಪು ಮತ್ತು ಉಷ್ಣ. ಮಜ್ಜಿಗೆ ತಂಪು, ಸೌತೆಕಾಯಿ ತಂಪು; ಬೆಳ್ಳುಳ್ಳಿ ಉಷ್ಣ, ಪಪ್ಪಾಯಿ ಉಷ್ಣ. ಪಪ್ಪಾಯಿಯನ್ನು ಮುಟ್ಟಿದರೆ ಬಿಸಿ ಇರುವುದಿಲ್ಲ, ತಿಂದರೆ ನಾಲಗೆ ಸುಡುವುದಿಲ್ಲ. ಆದರೂ ಅದು ಉಷ್ಣ. ಹಾಗಾದರೆ ಇಲ್ಲಿ ಹೇಳುತ್ತಿರುವುದು ವಸ್ತುವಿನ ಬಿಸಿಯನ್ನಲ್ಲ, ಅದು ದೇಹದೊಳಗೆ ಹೋದ ಮೇಲೆ ಮಾಡುವ ಕೆಲಸವನ್ನು. ಆ ಕೆಲಸವನ್ನು ಮೊದಲೇ ತಿಳಿಯುವುದು ಹೇಗೆ? ಹಿಂದಿನ ವೈದ್ಯರು ಹಿಡಿದ ದಾರಿ ನಾಲಗೆಯದು. ಆ ದಾರಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ನೋಡಲು ಪ್ರತಿ ಅಡಿಗೆಮನೆಯಲ್ಲೂ ಇರುವ ಕೊತ್ತಂಬರಿ ಬೀಜ ಸಾಕು. ಉತ್ತರ ಕರ್ನಾಟಕದಲ್ಲಿ ಇದನ್ನೇ ಹವೀಜ ಎನ್ನುವುದುಂಟು.

ರುಚಿಗಳು ಎಷ್ಟು ಎಂಬ ಪ್ರಶ್ನೆಗೇ ದೊಡ್ಡ ಚರ್ಚೆ ನಡೆದಿತ್ತು. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ಋಷಿಗಳ ಒಂದು ಸಭೆಯ ವರ್ಣನೆಯಿದೆ. ರಸ ಒಂದೇ ಎಂದು ಒಬ್ಬರು ವಾದಿಸುತ್ತಾರೆ, ಎರಡು ಎಂದು ಇನ್ನೊಬ್ಬರು, ಮೂರು ಎಂದು ಮತ್ತೊಬ್ಬರು. ಹೀಗೆ ಏರುತ್ತ ಹೋಗಿ, ಕೊನೆಯವರು ರಸಗಳಿಗೆ ಲೆಕ್ಕವೇ ಇಲ್ಲ ಎನ್ನುತ್ತಾರೆ. ವಿದೇಹದ ನಿಮಿ ಕ್ಷಾರವನ್ನೂ ಸೇರಿಸಿ ಏಳು ಎನ್ನುತ್ತಾನೆ. ಎಲ್ಲವನ್ನೂ ಕೇಳಿದ ಆತ್ರೇಯ, ರಸಗಳು ಆರೇ ಎಂದು ತೀರ್ಮಾನ ಹೇಳುತ್ತಾನೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಸಂಸ್ಕೃತದ ಹೆಸರುಗಳು ಕನ್ನಡಿಗರನ್ನು ದಾರಿ ತಪ್ಪಿಸುವುದುಂಟು. ಅಲ್ಲಿ ‘ಕಟು’ ಎಂದರೆ ಖಾರ, ‘ತಿಕ್ತ’ ಎಂದರೆ ಕಹಿ. ‘ಕಷಾಯ’ ಎಂದರೆ ಕುದಿಸಿದ ಔಷಧವಷ್ಟೇ ಅಲ್ಲ, ಒಗರು ರುಚಿಯ ಹೆಸರೂ ಹೌದು.

ಈ ಆರನ್ನು ಎರಡು ಪಾಲು ಮಾಡಿದರೆ ಸಾಮಾನ್ಯ ನಿಯಮ ಸಿಗುತ್ತದೆ. ಸಿಹಿ, ಕಹಿ, ಒಗರು ಇರುವ ವಸ್ತುಗಳು ತಂಪು. ಹುಳಿ, ಉಪ್ಪು, ಖಾರ ಇರುವವು ಉಷ್ಣ. ತಂಪು ಅಥವಾ ಉಷ್ಣ ಎಂಬ ಈ ಬಲಕ್ಕೆ ಶಾಸ್ತ್ರದಲ್ಲಿ ‘ವೀರ್ಯ’ ಎಂಬ ಹೆಸರಿದೆ. ಇದರ ಜತೆಗೆ ಮೂರನೆಯದೊಂದಿದೆ. ಜೀರ್ಣವಾದ ಮೇಲೆ ವಸ್ತು ಕೊನೆಗೆ ಯಾವ ರಸವಾಗಿ ಉಳಿಯುತ್ತದೆ ಎಂಬುದೇ ‘ವಿಪಾಕ’. ಈ ಮೂರನ್ನು ತಿಳಿಯುವ ಗಳಿಗೆಗಳೂ ಬೇರೆ ಬೇರೆ ಎಂದು ಚರಕ ಹೇಳುತ್ತದೆ. ರಸ ನಾಲಗೆಗೆ ತಾಗಿದ ಕೂಡಲೇ ತಿಳಿಯುತ್ತದೆ. ವಿಪಾಕವನ್ನು ಔಷಧದ ಕೆಲಸವೆಲ್ಲ ಮುಗಿದ ಮೇಲೆ ಅದರ ಫಲದಿಂದ ಊಹಿಸಬೇಕು. ವೀರ್ಯ ಇವೆರಡರ ನಡುವಿನದು. ಅದು ಕೆಲವೊಮ್ಮೆ ತಾಗಿದಾಗಲೇ ತಿಳಿಯುತ್ತದೆ, ಕೆಲವೊಮ್ಮೆ ದೇಹದಲ್ಲಿ ಉಳಿದು ಮಾಡುವ ಪರಿಣಾಮದಿಂದ ತಿಳಿಯುತ್ತದೆ. ಮೆಣಸು ಬಾಯಿಗೆ ಬಿದ್ದ ಕ್ಷಣವೇ ತನ್ನ ವೀರ್ಯವನ್ನು ಸಾರುತ್ತದೆ. ಎಲ್ಲ ವಸ್ತುಗಳೂ ಹಾಗೆ ಬಾಯಿ ಬಿಡುವುದಿಲ್ಲ.

ಅದಕ್ಕೇ ನಿಯಮ ಹೇಳಿದ ಅಧ್ಯಾಯವೇ ಅದಕ್ಕೆ ಅಪವಾದಗಳ ಪಟ್ಟಿಯನ್ನೂ ಕೊಡುತ್ತದೆ. ಹುಳಿ ಉಷ್ಣ, ಆದರೆ ನೆಲ್ಲಿಕಾಯಿ ಉಷ್ಣವಲ್ಲ. ಉಪ್ಪು ಉಷ್ಣ, ಆದರೆ ಸೈಂಧವ ಲವಣ ಉಷ್ಣವಲ್ಲ. ಕಹಿ ತಂಪು, ಆದರೆ ಅಮೃತಬಳ್ಳಿ ಮತ್ತು ಎಕ್ಕ ಕಹಿಯಾಗಿದ್ದೂ ಉಷ್ಣ. ಇನ್ನೂ ಬಿಗಿಯಾದ ಗಂಟೆಂದರೆ ಚಿತ್ರಮೂಲ ಮತ್ತು ದಂತಿಯದು. ಎರಡೂ ಖಾರ, ಎರಡೂ ಉಷ್ಣ, ಎರಡರ ವಿಪಾಕವೂ ಖಾರವೇ. ಆದರೆ ದಂತಿ ಭೇದಿ ಮಾಡಿಸುತ್ತದೆ, ಚಿತ್ರಮೂಲ ಹಾಗೆ ಮಾಡಿಸುವುದಿಲ್ಲ. ಲೆಕ್ಕಕ್ಕೆ ಸಿಗದ ಈ ಶಕ್ತಿಯನ್ನು ಶಾಸ್ತ್ರಕಾರರು ‘ಪ್ರಭಾವ’ ಎಂದು ಕರೆದರು. ಕಾರಣ ಹೇಳಲು ಬರದ ಕಡೆ ಕಂಡ ಫಲವನ್ನು ಬಿಟ್ಟುಕೊಡದೆ ಬೇರೊಂದು ಖಾನೆಯಲ್ಲಿ ಬರೆದಿಟ್ಟರು ಎನ್ನಬಹುದು.

ಈಗ ಕೊತ್ತಂಬರಿ ಬೀಜವನ್ನು ನಾಲಗೆಯ ಮೇಲಿಡೋಣ. ಮೊದಲು ಒಗರು, ಹಿಂದೆಯೇ ತುಸು ಕಹಿ, ಅಗಿದರೆ ಸಣ್ಣಗೆ ಖಾರ. ಮೂರರಲ್ಲಿ ಎರಡು ರುಚಿಗಳು ತಂಪಿನ ಪಾಲಿನವು. ನಿಯಮದ ಪ್ರಕಾರ ಬೀಜ ತಂಪಾಗಬೇಕು. ಜನರ ಬಾಯಲ್ಲೂ ಅದು ತಂಪೇ. ಆದರೆ 16ನೆಯ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಕೊತ್ತಂಬರಿಯನ್ನು ಉಷ್ಣವೀರ್ಯ ಎಂದು ಬರೆದ. ಹಸಿವು ಹೆಚ್ಚಿಸುತ್ತದೆ, ಆಹಾರವನ್ನು ಪಚನ ಮಾಡಿಸುತ್ತದೆ ಎಂದೂ ಹೇಳಿದ. ಈ ಎರಡೂ ಉಷ್ಣದ ಕೆಲಸಗಳೇ. ಅದರ ವಿಪಾಕ ಮಾತ್ರ ಸಿಹಿ ಎಂದ. ಹಸಿ ಕೊತ್ತಂಬರಿಗೂ ಇವೇ ಗುಣಗಳು, ಆದರೆ ಅದು ಪಿತ್ತವನ್ನು ವಿಶೇಷವಾಗಿ ಕಳೆಯುತ್ತದೆ ಎಂಬ ಮಾತನ್ನೂ ಸೇರಿಸಿದ. ಒಂದೇ ಗಿಡದ ಒಣ ಬೀಜಕ್ಕೂ ಹಸಿ ಸೊಪ್ಪಿಗೂ ಹೀಗೆ ವ್ಯತ್ಯಾಸ ಬಂತು.

ಉಷ್ಣವೆಂದು ಬರೆದ ಬೀಜವನ್ನೇ ವೈದ್ಯರು ಒಳಗಿನ ಉರಿಗೆ ಕೊಡುತ್ತಿದ್ದರು ಎಂಬುದು ಇಲ್ಲಿಯ ಸೋಜಿಗ. ಅದಕ್ಕೂ ಮೊದಲಿನ ಶಾರ್ಙ್ಗಧರಸಂಹಿತೆಯಲ್ಲಿ ‘ಹಿಮ’ ಎಂಬ ತಯಾರಿಕೆಯ ಕ್ರಮವಿದೆ. ಒಂದು ಪಲ ಔಷಧವನ್ನು ಕುಟ್ಟಿ ಆರು ಪಲ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಈಗಿನ ಲೆಕ್ಕದಲ್ಲಿ ಪಲವೆಂದರೆ 48 ಗ್ರಾಂ. ಆದ್ದರಿಂದ ನೀರು ಸುಮಾರು 290 ಮಿಲಿಲೀಟರ್ ಆಗುತ್ತದೆ. ಬೆಂಕಿ ತಾಗಿಸುವಂತಿಲ್ಲ. ಬೆಳಿಗ್ಗೆ ಸೋಸಿದ ಕೊತ್ತಂಬರಿ ಹಿಮಕ್ಕೆ ಸಕ್ಕರೆ ಬೆರೆಸಿ ಕುಡಿದರೆ ಒಳಗಿನ ಉರಿಯೂ ಬಾಯಾರಿಕೆಯೂ ತಗ್ಗುತ್ತವೆ ಎಂದು ಗ್ರಂಥ ಹೇಳುತ್ತದೆ. ಅದೇ ಬೀಜವನ್ನು ಒಣಶುಂಠಿಯ ಜತೆ ಕುದಿಸಿ ಕಷಾಯ ಮಾಡಿದರೆ ಅದು ಅಜೀರ್ಣದ ಔಷಧ. ಅಲ್ಲಿ ಅದು ಜಠರಾಗ್ನಿಯನ್ನು ಹೆಚ್ಚಿಸುತ್ತದೆ.

ಹಾಗಾದರೆ ಬೀಜ ತಂಪೋ, ಉಷ್ಣವೋ? ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬದಲಾದದ್ದು ಏನೆಂದು ಕಾಣುತ್ತದೆ. ಒಂದರಲ್ಲಿ ತಣ್ಣೀರು, ರಾತ್ರಿಯ ಹೊತ್ತು, ಸಕ್ಕರೆಯ ಸಿಹಿ. ಇನ್ನೊಂದರಲ್ಲಿ ಬೆಂಕಿ, ಶುಂಠಿಯ ಖಾರ. ಗ್ರಂಥದಲ್ಲಿ ಬರೆದ ವೀರ್ಯ ಬೀಜದ್ದು ಮಾತ್ರ. ರೋಗಿಯ ಕೈಗೆ ಬರುವುದು ಬೀಜ, ನೀರು, ಬೆಂಕಿ, ಜತೆಯ ವಸ್ತು ಎಲ್ಲ ಸೇರಿದ ಒಂದು ಕೂಟ. ಒಂದು ವಸ್ತುವಿನ ಹೆಸರಿನ ಮುಂದೆ ತಂಪು ಅಥವಾ ಉಷ್ಣ ಎಂದು ಬರೆದು ಸುಮ್ಮನಾಗುವ ಪಟ್ಟಿಗಳು ಮರೆಮಾಡುವುದು ಇದನ್ನೇ.

ರಾಯಚೂರು ಸೀಮೆಯಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಪರಂಪರೆಯ ಉತ್ತರವೂ ಬಂದು ಸೇರಿತು. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಕಾದಾಡಿದರು. ಮುಂದೆ ಇದು ಬಿಜಾಪುರದ ಆದಿಲಶಾಹಿಗೆ, ಬಳಿಕ ಹೈದರಾಬಾದಿನ ನಿಜಾಮರಿಗೆ ಸೇರಿತು. ನಿಜಾಮರ ಆಳ್ವಿಕೆ 1948ರವರೆಗೆ ನಡೆಯಿತು. ಈ ಆಡಳಿತಗಳ ಜತೆಗೆ ಯುನಾನಿ ವೈದ್ಯವೂ ನೆಲೆಯೂರಿತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿದ್ದ ಫಿರಿಶ್ತಾನನ್ನು ಇತಿಹಾಸಕಾರನೆಂದು ಬಲ್ಲವರು ಬಹಳ. ಆತ ಭಾರತೀಯ ವೈದ್ಯದ ಬಗ್ಗೆ ಪಾರಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದಿದ್ದ. ಎರಡು ವೈದ್ಯಗಳು ಪರಸ್ಪರ ಅಪರಿಚಿತವಾಗಿ ಉಳಿಯಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಯುನಾನಿಯಲ್ಲೂ ಬಿಸಿ, ತಂಪು ಇವೆ. ಅವುಗಳ ಜತೆಗೆ ಶುಷ್ಕ, ಆರ್ದ್ರ ಎಂಬ ಇನ್ನೊಂದು ಜೋಡಿಯಿದೆ. ಅದರ ವಿಶೇಷವೆಂದರೆ ಅಳತೆ. ಗ್ರೀಕ್ ವೈದ್ಯ ಗ್ಯಾಲೆನ್‌ನಿಂದ ಬಂದ ಕ್ರಮದಲ್ಲಿ ಪ್ರತಿ ಔಷಧದ ಬಲಕ್ಕೆ ನಾಲ್ಕು ದರ್ಜೆಗಳು. ಮೊದಲ ದರ್ಜೆಯ ಪರಿಣಾಮ ಗಮನಕ್ಕೆ ಬಾರದಷ್ಟು ಮೆಲ್ಲನೆಯದು. ಎರಡನೆಯದು ಅನುಭವಕ್ಕೆ ಬರುತ್ತದೆ, ಹಾನಿ ಮಾಡುವುದಿಲ್ಲ. ಮೂರನೆಯದು ಹಾನಿ ಮಾಡಬಲ್ಲದು. ನಾಲ್ಕನೆಯದು ಪ್ರಾಣಕ್ಕೇ ಅಪಾಯ. ಆಯುರ್ವೇದ ಉಷ್ಣ ಎಂದಷ್ಟೇ ಹೇಳಿ ಪ್ರಮಾಣವನ್ನು ವೈದ್ಯನ ಅನುಭವಕ್ಕೆ ಬಿಟ್ಟ ಕಡೆ ಯುನಾನಿ ಎಷ್ಟು ಉಷ್ಣ ಎಂದು ಕೇಳಿತು.

ಆದರೆ ಕೊತ್ತಂಬರಿ ಅಲ್ಲೂ ಜಗಳ ಹಚ್ಚಿತ್ತು. ಮೊದಲ ಶತಮಾನದ ಡಯಾಸ್ಕೊರಿಡಿಸ್ ಅದನ್ನು ತಂಪು ಎಂದಿದ್ದ. ನೂರು ವರ್ಷದ ಅನಂತರ ಬಂದ ಗ್ಯಾಲೆನ್ ಅದನ್ನು ಒಪ್ಪಲಿಲ್ಲ. ಅದರಲ್ಲಿ ಒಂದಕ್ಕೊಂದು ವಿರುದ್ಧವಾದ ಗುಣಗಳು ಬೆರೆತಿವೆ, ಉಷ್ಣವೂ ಇದೆ ಎಂದು ವಾದಿಸಿದ. ಯುನಾನಿ ಹಕೀಮರಲ್ಲಿ ಹೆಚ್ಚಿನವರು ಕೊನೆಗೆ ತಂಪು ಪಕ್ಷದಲ್ಲೇ ನಿಂತರು. ಗ್ರೀಸಿನಲ್ಲೂ ಭಾರತದಲ್ಲೂ ಒಂದೇ ಬೀಜ ವೈದ್ಯರನ್ನು ಎರಡು ಪಕ್ಷ ಮಾಡಿದ್ದು ಆಕಸ್ಮಿಕವಲ್ಲ. ಅದರ ರುಚಿಯೇ ಮಿಶ್ರ. ನಾಲಗೆಯನ್ನು ಸಾಕ್ಷಿಯಾಗಿ ಕರೆದರೆ ಅದು ಎರಡು ಹೇಳಿಕೆ ಕೊಡುತ್ತದೆ.

ಇಂದಿನ ವಿಜ್ಞಾನ ಈ ಕಥೆಯ ಒಂದು ತುದಿಯನ್ನು ಮಾತ್ರ ಬಿಡಿಸಿದೆ. ಮೆಣಸಿನಕಾಯಿಯ ಖಾರ ನಿಜವಾಗಿ ರುಚಿಯಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ಎಚ್ಚರಗೊಳ್ಳುವ ನರದ ದ್ವಾರವನ್ನೇ ಖಾರದ ಅಂಶವೂ ತೆರೆಯುತ್ತದೆ ಎಂದು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ತೋರಿಸಿತು. ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಖಾರವನ್ನು ಉಷ್ಣದ ಪಾಲಿಗೆ ಹಾಕಿದ ಹಿಂದಿನವರ ನಾಲಗೆ ಸುಳ್ಳು ಹೇಳಿರಲಿಲ್ಲ. ಆದರೆ ಇದು ಬಾಯಿಯ ಸಂವೇದನೆಯ ವಿವರಣೆ. ಖಾರ ತಿಂದವನ ಬಾಯಿ ಉರಿದರೂ ಥರ್ಮಾಮೀಟರ್‌ನಲ್ಲಿ ಜ್ವರ ಏರುವುದಿಲ್ಲ. ನೆಲ್ಲಿಕಾಯಿಯ ತಂಪಿಗಾಗಲಿ ಅಮೃತಬಳ್ಳಿಯ ಉಷ್ಣಕ್ಕಾಗಲಿ ಈ ದ್ವಾರದಿಂದ ಉತ್ತರ ಸಿಗುವುದಿಲ್ಲ.

ರಾಯಚೂರಿನ ಬೇಸಿಗೆಯಲ್ಲಿ ಈ ವ್ಯತ್ಯಾಸ ಬರಿಯ ಚರ್ಚೆಯಲ್ಲ. ಶಾಸ್ತ್ರದ ತಂಪು ಎಂದರೆ ಉರಿ, ಬಾಯಾರಿಕೆ, ಪಿತ್ತವನ್ನು ತಗ್ಗಿಸುವ ಗುಣ. ದೇಹದ ಡಿಗ್ರಿಯನ್ನು ಇಳಿಸುವ ಗುಣವಲ್ಲ. ಹೊಲದಲ್ಲಿ ದುಡಿದು ಬಂದವರು ನೆನೆಸಿದ ಕೊತ್ತಂಬರಿ ನೀರು ಕುಡಿದರೆ ಹಿತವೆನಿಸಬಹುದು, ಅದರಲ್ಲಿ ನೀರೂ ಸಕ್ಕರೆಯೂ ಇವೆ. ಆದರೆ ಬಿಸಿಲಿನ ಹೊಡೆತಕ್ಕೆ ಮೈ ಕಾದು, ಮಾತು ತೊದಲಿ, ಎಚ್ಚರ ತಪ್ಪುತ್ತಿರುವವರಿಗೆ ಯಾವ ತಂಪು ಬೀಜವೂ ಸಾಲದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ವೈದ್ಯರು ರಸ, ವೀರ್ಯ, ವಿಪಾಕಗಳನ್ನು ಬೇರೆ ಬೇರೆ ಇಟ್ಟದ್ದು ಒಂದರ ಮಾತನ್ನೇ ನಂಬಿ ತೀರ್ಮಾನ ಮಾಡಬಾರದೆಂದು. ಅವರ ಪಟ್ಟಿಯಲ್ಲಿ ಇಂದಿಗೂ ಉಳಿಸಿಕೊಳ್ಳಬೇಕಾದ ಮಾತೆಂದರೆ ಬಹುಶಃ ಅದೇ.