ಮಹದಾಯಿ ಸುದ್ದಿಯೂ ಹಳೆಯ ಪ್ರಶ್ನೆಪತ್ರಿಕೆಯೂ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೊರಟರೆ ಖಾನಾಪುರ ತಾಲ್ಲೂಕಿನ ಕಣಕುಂಬಿ ಸಿಗುತ್ತದೆ. ಅಲ್ಲಿನ ಮಾವುಲಿ ದೇವಸ್ಥಾನದ ಬಳಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಭೀಮಗಡ ಕಾಡಿನೊಳಗೆ, ದೇಗಾಂವದ ಸುತ್ತ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಹತ್ತಿರ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಸಮುದ್ರಗಳ ಪಾಲಾಗುತ್ತದೆ. ಕಳಸಾ–ಬಂಡೂರಿ ಯೋಜನೆಯೂ ಅದರ ಜಗಳವೂ ಹುಟ್ಟಿದ್ದು ಈ ಭೂರಚನೆಯಿಂದಲೇ: ಪಶ್ಚಿಮಕ್ಕೆ ಹೋಗುವ ಹಳ್ಳದ ನೀರನ್ನು ದಿಬ್ಬ ದಾಟಿಸಿ ಮಲಪ್ರಭೆಗೆ ತಂದು, ಹುಬ್ಬಳ್ಳಿ–ಧಾರವಾಡ ಮತ್ತು ಸುತ್ತಲಿನ ಊರುಗಳಿಗೆ ಕುಡಿಯಲು ಕೊಡಬೇಕೆಂಬುದು ಕರ್ನಾಟಕದ ಬೇಡಿಕೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ ಈ ವಿಷಯ ಸಾಮಾನ್ಯವಾಗಿ ಮೂರು ಸಾಲಾಗಿ ಕೂರುತ್ತದೆ. 2010ರಲ್ಲಿ ನ್ಯಾಯಮಂಡಳಿ ರಚನೆ, ಅಧ್ಯಕ್ಷರು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್. 2018ರ ಆಗಸ್ಟ್ 14ರಂದು ಐತೀರ್ಪು, ಕರ್ನಾಟಕಕ್ಕೆ 13.42 ಟಿಎಂಸಿ ಅಡಿ. 2020ರ ಫೆಬ್ರವರಿಯಲ್ಲಿ ಗೆಜೆಟ್ ಅಧಿಸೂಚನೆ. ಮೂರೂ ಸರಿ. ಆದರೆ ಹಳೆಯ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ಪ್ರಶ್ನೆ ತೆಗೆಯುವವರು ನದಿಯನ್ನು ಹಿಡಿಯುವ ಕಡೆಯೇ ಬೇರೆ.

2013ರ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ನರ್ಮದೆಯ ಬಗ್ಗೆ ಪ್ರಶ್ನೆಯೊಂದಿತ್ತು. ಪರ್ಯಾಯ ದ್ವೀಪದ ದೊಡ್ಡ ನದಿಗಳು ಬಹುಪಾಲು ಪೂರ್ವಕ್ಕೆ ಹರಿದರೂ ನರ್ಮದೆ ಏಕೆ ಪಶ್ಚಿಮಕ್ಕೆ ಹರಿಯುತ್ತದೆ ಎಂದು ಕೇಳಿ ಮೂರು ಕಾರಣಗಳನ್ನು ಕೊಟ್ಟಿದ್ದರು: ಸೀಳು ಕಣಿವೆಯಲ್ಲಿ ಹರಿಯುವುದು, ವಿಂಧ್ಯ–ಸಾತ್ಪುರಗಳ ನಡುವೆ ಹರಿಯುವುದು, ಮಧ್ಯ ಭಾರತದಿಂದ ನೆಲ ಪಶ್ಚಿಮಕ್ಕೆ ಇಳಿಜಾರಾಗಿರುವುದು. ಎರಡನೆಯದು ನಿಜವಾದ ಮಾತು, ಆದರೆ ಕಾರಣವಲ್ಲ. ಸರಿಯುತ್ತರ ಸೀಳು ಕಣಿವೆ ಮಾತ್ರ. ಉದ್ದ, ಉಗಮ, ಉಪನದಿಗಳ ಪಟ್ಟಿ ಬಾಯಿಪಾಠವಿದ್ದವರಿಗೂ ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ಹಳೆಯ ಪ್ರಶ್ನೆಯನ್ನು ಹೊಸ ಸುದ್ದಿಗೆ ಜೋಡಿಸುವವರು ಎಡವುವುದೂ ಇಲ್ಲಿಯೇ. ಆ ಪ್ರಶ್ನೆಯ ಉತ್ತರವನ್ನು ಸೂತ್ರವಾಗಿ ಉಳಿಸಿಕೊಂಡವರು ಪಶ್ಚಿಮಕ್ಕೆ ಹರಿಯುವ ನದಿ ಎಂದರೆ ಸೀಳು ಕಣಿವೆ ಎಂದುಕೊಳ್ಳುತ್ತಾರೆ. ಮಹದಾಯಿಗೆ ಅದು ಸಲ್ಲುವುದಿಲ್ಲ. ಅದು ಸಹ್ಯಾದ್ರಿಯ ಜಲವಿಭಜಕದ ಪಶ್ಚಿಮ ಮಗ್ಗುಲಲ್ಲಿ ಹುಟ್ಟಿ ಕಡಿದಾದ ಇಳಿಜಾರಿನಲ್ಲಿ ಕಡಲಿಗೆ ಇಳಿಯುವ ಗಿಡ್ಡ ನದಿ. ಶರಾವತಿ, ಕಾಳಿಗಳ ಬಳಗದ್ದು. ನರ್ಮದೆಯ ಪ್ರಶ್ನೆಯಿಂದ ಕಲಿಯಬೇಕಾದದ್ದು ಉತ್ತರವನ್ನಲ್ಲ, ನಿಜವಾದ ಹೇಳಿಕೆಯನ್ನು ಕಾರಣದ ವೇಷದಲ್ಲಿ ನಿಲ್ಲಿಸುವ ಆ ಉಪಾಯವನ್ನು. ಅದೇ ಉಪಾಯವನ್ನು ಖಾನಾಪುರಕ್ಕೆ ತಂದರೆ ಹೇಳಿಕೆ ಹೀಗಾಗಬಹುದು: ‘ಮಲಪ್ರಭಾ ಮತ್ತು ಮಹದಾಯಿ ಒಂದೇ ತಾಲ್ಲೂಕಿನಲ್ಲಿ ಹುಟ್ಟುವುದರಿಂದ ಎರಡೂ ಕೃಷ್ಣಾ ಕೊಳ್ಳಕ್ಕೆ ಸೇರಿವೆ.’ ಮೊದಲರ್ಧ ನಿಜ, ಉಳಿದರ್ಧ ಸುಳ್ಳು.

ಅಂಕಿ ಕಲಿತರೂ ಒಡೆದು ಕಲಿಯಬೇಕು. ಪತ್ರಿಕೆಗಳ ತಲೆಬರಹದಲ್ಲಿ ಬಂದ 13.42 ಟಿಎಂಸಿ ಅಡಿಯೊಳಗೆ 8.02 ಜಲವಿದ್ಯುತ್ತಿಗೆ ಮೀಸಲು. 1.50 ಮಹದಾಯಿ ಕೊಳ್ಳದೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.90 ಮಾತ್ರ: ಕಳಸಾದಿಂದ 1.72, ಬಂಡೂರಿಯಿಂದ 2.18. ‘ಕರ್ನಾಟಕ 13.42 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಬಹುದು’ ಎಂಬ ಹೇಳಿಕೆಗೆ ಸರಿ ಎಂದು ಗುರುತು ಹಾಕುವವರು ಕಡಿಮೆಯೇನಿಲ್ಲ. ಅಂಕಿ ಕಣ್ಣಿಗೆ ಪರಿಚಿತ ಎಂಬುದೇ ಅವರನ್ನು ಕೆಡಿಸುತ್ತದೆ.

ಆದರೂ ಈ ಸುದ್ದಿಯ ಹೆಚ್ಚಿನ ಫಸಲು ಇರುವುದು ಸಂವಿಧಾನದ ಭಾಗದಲ್ಲಿ. 2014ರ ಪ್ರಿಲಿಮ್ಸ್‌ನಲ್ಲಿ, ಕೇಂದ್ರ ಮತ್ತು ರಾಜ್ಯಗಳ ನಡುವಣ ವ್ಯಾಜ್ಯವನ್ನು ಸುಪ್ರೀಂ ಕೋರ್ಟ್ ಯಾವ ಅಧಿಕಾರವ್ಯಾಪ್ತಿಯಲ್ಲಿ ತೀರ್ಮಾನಿಸುತ್ತದೆ ಎಂದು ಕೇಳಿದ್ದರು. ಉತ್ತರ, ಮೂಲ ಅಧಿಕಾರವ್ಯಾಪ್ತಿ. ರಾಜ್ಯ–ರಾಜ್ಯಗಳ ನಡುವಣ ವ್ಯಾಜ್ಯವೂ ಅದೇ 131ನೇ ವಿಧಿಯಡಿ ಬರುತ್ತದೆ. ಹಾಗಿದ್ದರೆ ಗೋವಾ ಮತ್ತು ಕರ್ನಾಟಕದ ನೀರಿನ ಜಗಳ ನೇರವಾಗಿ ಅಲ್ಲಿಗೇ ಹೋಗದೆ ನ್ಯಾಯಮಂಡಳಿಗೆ ಹೋದದ್ದೇಕೆ?

262ನೇ ವಿಧಿ ಇಲ್ಲಿ ಬಾಗಿಲು ಹಾಕುತ್ತದೆ. ಅಂತರರಾಜ್ಯ ನದಿ ನೀರಿನ ವಿವಾದದ ತೀರ್ಮಾನಕ್ಕೆ ಸಂಸತ್ತು ಕಾನೂನು ಮಾಡಬಹುದು. ಅಂಥ ವಿವಾದದಲ್ಲಿ ಸುಪ್ರೀಂ ಕೋರ್ಟಿಗೂ ಇತರ ನ್ಯಾಯಾಲಯಗಳಿಗೂ ಅಧಿಕಾರವಿಲ್ಲವೆಂದು ಆ ಕಾನೂನಿನಲ್ಲೇ ಹೇಳಬಹುದು. ಗಮನಿಸಬೇಕಾದ ಮಾತು ‘ಹೇಳಬಹುದು’. ನಿರ್ಬಂಧವನ್ನು ಸಂವಿಧಾನವೇ ಹೇರಿಲ್ಲ. ಹೇರಿದ್ದು 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯ 11ನೇ ಸೆಕ್ಷನ್. ಬಹು ಆಯ್ಕೆಯ ಪ್ರಶ್ನೆಗೆ ಈ ಒಂದು ಎಳೆ ಸಾಕು. ಅದೇ ಕಾಯ್ದೆಯ ಪ್ರಕಾರ, ಐತೀರ್ಪು ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಅದಕ್ಕೆ ಸುಪ್ರೀಂ ಕೋರ್ಟಿನ ಆದೇಶದಷ್ಟೇ ಬಲ ಬರುತ್ತದೆ. 2018ರ ಐತೀರ್ಪಿನ ಅಧಿಸೂಚನೆ 2020ರಲ್ಲಿ ಹೊರಬಿದ್ದಾಗ ಉತ್ತರ ಕರ್ನಾಟಕ ಸಂಭ್ರಮಿಸಿದ್ದು ಅದಕ್ಕೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಮಹದಾಯಿ ಪ್ರವಾಹ’ ಪ್ರಾಧಿಕಾರವೂ, 2018ರ ಕಾವೇರಿ ನಿರ್ವಹಣಾ ಪ್ರಾಧಿಕಾರದಂತೆ, ಐತೀರ್ಪನ್ನು ಜಾರಿಗೊಳಿಸುವ ವ್ಯವಸ್ಥೆಯೇ ಹೊರತು ಮತ್ತೊಂದು ನ್ಯಾಯಮಂಡಳಿಯಲ್ಲ.

ಹಾಕಿದ ಬಾಗಿಲಿಗೆ ಒಂದು ಕಿಂಡಿಯೂ ಇದೆ. 136ನೇ ವಿಧಿಯ ವಿಶೇಷ ಅನುಮತಿಯಡಿ ನ್ಯಾಯಮಂಡಳಿಯ ತೀರ್ಪಿನ ವಿರುದ್ಧ ಬರುವ ಮೇಲ್ಮನವಿಯನ್ನು ತಾನು ಕೇಳಬಹುದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಕಾವೇರಿ ಪ್ರಕರಣದಲ್ಲಿ ಹೇಳಿತು. 2018ರ ಫೆಬ್ರವರಿಯಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಿಸಿಯೂ ಕೊಟ್ಟಿತು. ಮಹದಾಯಿ ಐತೀರ್ಪಿನ ವಿರುದ್ಧ ರಾಜ್ಯಗಳು ಹೋದದ್ದು ಇದೇ ಹಾದಿಯಲ್ಲಿ. ‘ನೀರಿನ ವಿವಾದದಲ್ಲಿ ಸುಪ್ರೀಂ ಕೋರ್ಟಿಗೆ ಯಾವ ಪಾತ್ರವೂ ಇಲ್ಲ’ ಎಂದು ಬರೆದಿಟ್ಟ ಹಳೆಯ ಟಿಪ್ಪಣಿಗಳನ್ನು ಈ ಬೆಳವಣಿಗೆಯ ನಂತರ ತಿದ್ದಲೇಬೇಕು.

ಇನ್ನು ಕಾಡಿನ ಮಾತು. 2020ರ ಪ್ರಿಲಿಮ್ಸ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಗಿನ ಆರನೇ ಅನುಸೂಚಿಯಲ್ಲಿ ಯಾವ ಗಿಡಗಳಿವೆ ಎಂದು ಕೇಳಲಿಲ್ಲ. ಗಿಡವೊಂದು ಅದರಲ್ಲಿ ಸೇರಿದರೆ ಪರಿಣಾಮವೇನು ಎಂದು ಕೇಳಿತು. ಭೀಮಗಡಕ್ಕೂ ಇದೇ ಅಳತೆ. 2011ರಲ್ಲಿ ಅಭಯಾರಣ್ಯವಾದದ್ದು, ಬಾರಾಪೇಡೆ ಗುಹೆಯಲ್ಲಿ ಅಪರೂಪದ ರಾಟನ್ ಬಾವಲಿ ಇರುವುದು ಒಂದು ಸಾಲಿನ ಪ್ರಶ್ನೆಗೆ ಸಾಕು. ಅದರಾಚೆಗೆ ಬೇಕಾದದ್ದು 29ನೇ ಸೆಕ್ಷನ್: ಅಭಯಾರಣ್ಯದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ತಿರುಗಿಸಲು, ತಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಗೋವಾ ತನ್ನ ಮಹದಾಯಿ ಅಭಯಾರಣ್ಯವನ್ನು ಮುಂದಿಟ್ಟುಕೊಂಡು 2023ರಲ್ಲಿ ಹಿಡಿದದ್ದು ಈ ಸೆಕ್ಷನ್ನನ್ನೇ. ನೀರಿನ ಕಾಯ್ದೆಯಲ್ಲಿ ಗೆದ್ದ ಪಾಲು ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಕೊಳ್ಳುವುದು ಹೀಗೆ.

ಕೋರ್ಟಿನಲ್ಲಿ ಬಾಕಿಯಿರುವ ಭಾಗ ಮಾತ್ರ ಬಹು ಆಯ್ಕೆಯ ಪತ್ರಿಕೆಗೆ ಒಗ್ಗುವುದಿಲ್ಲ. ಕೆಪಿಎಸ್‌ಸಿ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಪರೀಕ್ಷೆಯ ದಿನಕ್ಕೂ ಆಕ್ಷೇಪಣೆಯ ದಿನಕ್ಕೂ ನಡುವೆ ಆದೇಶ ಬದಲಾದರೆ ಪ್ರಶ್ನೆಯೇ ರದ್ದಾಗಬಹುದು. ಅಂಥದ್ದಕ್ಕೆ ಜಾಗವಿರುವುದು ಮೇನ್ಸ್‌ನಲ್ಲಿ. ಅಂತರರಾಜ್ಯ ಜಲವಿವಾದ ಬಗೆಹರಿಸುವ ಸಾಂವಿಧಾನಿಕ ವ್ಯವಸ್ಥೆ ಸೋತಿದೆ, ಸೋಲು ರಚನೆಯದೋ ಪ್ರಕ್ರಿಯೆಯದೋ ಅಥವಾ ಎರಡರದೂ ಹೌದೋ ಎಂದು 2013ರ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆ ಕೇಳಿತ್ತು. ಖಾನಾಪುರದ ಅಭ್ಯರ್ಥಿ ಅದಕ್ಕೆ ಉತ್ತರಿಸಲು ಕೂತರೆ, ಐತೀರ್ಪಿಗೆ ಎಂಟು ವರ್ಷ ಹಿಡಿದದ್ದನ್ನು ಪ್ರಕ್ರಿಯೆಯ ಕಡೆಗೂ, ಐತೀರ್ಪಿನ ನಂತರವೂ ವನ್ಯಜೀವಿ ಅನುಮತಿಯಲ್ಲಿ ಯೋಜನೆ ತಡೆಯಾದದ್ದನ್ನು ರಚನೆಯ ಕಡೆಗೂ ಬರೆಯಬಹುದು.