ಪಂತಿ: ಉತ್ತಮ ಪುರುಷ ಇಲ್ಲದ ಒಂದು ಪದ

ನಮ್ಮ ಕಡೆ ಪಂತಿ ಎಂದರೆ ಊಟದ ಸಾಲು. ಮೊದಲ ಪಂತಿ, ಎರಡನೇ ಪಂತಿ, ಕೊನೆಗೆ ಬಡಿಸಿದವರದೇ ಒಂದು ಪಂತಿ. ತಮಿಳರ ಮದುವೆಮನೆಯಲ್ಲೂ ಈ ಮಾತು ನಡೆಯುತ್ತದೆ. ಹಾಗಾಗಿ ತಿರುಪ್ಪೂರಿನಲ್ಲಿ ಒಬ್ಬರು ಬನಿಯನ್ ಕಾರ್ಖಾನೆಯ ಗೆಳೆಯನನ್ನು ತೋರಿಸಿ “ಅವನು ನನ್ನ ಪಂತಿ” ಎಂದಾಗ ನನ್ನ ಕಣ್ಣಿಗೆ ಬಂದದ್ದು ಬಾಳೆಲೆ. ಹೇಳಿದವರು ತಮ್ಮನ್ನು ಕೋತಿ ಎಂದುಕೊಂಡರು. ಅದೂ ಕನ್ನಡದ ಕಿವಿಗೆ ಮಂಗವೇ. ಒಂದೇ ವಾಕ್ಯದಲ್ಲಿ ಎರಡು ಸಲ ಎಡವಿದೆ.

ಬೆಂಗಳೂರಿನಿಂದ ಚೆನ್ನೈವರೆಗೆ, ಅದರಾಚೆಗೂ, ಈ ಎರಡು ಪದಗಳು ಜೋಡಿಯಾಗಿಯೇ ಓಡಾಡುತ್ತವೆ. ಹೆಣ್ಣಿನ ಬಾಗು ಬಳುಕು ಇರುವ, ಗಂಡಸರನ್ನು ಬಯಸುವ ಗಂಡು ಕೋತಿ. ಆತನ ಬಳಿಗೆ ಬರುವ ‘ಗಂಡಸು’ ಪಂತಿ. ಊಟದ ಪಂತಿಗೂ ಇದಕ್ಕೂ ನಂಟು ಕಟ್ಟಲು ನಾನು ಹೋಗುವುದಿಲ್ಲ, ಉಚ್ಚಾರ ಕೂಡಿತೆಂದು ಮೂಲವೂ ಕೂಡಬೇಕಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವ್ಯಾಕರಣ. ‘ನಾನು ಕೋತಿ’ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ‘ಅವನು ಪಂತಿ’ ಎನ್ನುವವರೂ ಇದ್ದಾರೆ. ‘ನಾನು ಪಂತಿ’ ಎನ್ನುವವರು ಸಿಗುವುದು ಅಪರೂಪ. ಇದು ಪ್ರಥಮ ಪುರುಷದಲ್ಲಿ ಮಾತ್ರ ನಡೆಯುವ ಪದ. ಯಾರಿಗೆ ಈ ಹೆಸರಿದೆಯೋ ಅವನಿಗೆ ಎಷ್ಟೋ ಸಲ ಅದು ಗೊತ್ತೇ ಇರುವುದಿಲ್ಲ.

ಹಾಗಾದರೆ ಅವನು ತನ್ನನ್ನು ಏನೆಂದುಕೊಳ್ಳುತ್ತಾನೆ? ಇಂಗ್ಲಿಷ್ ಬಲ್ಲವರಾದರೆ ಸ್ಟ್ರೇಟ್ ಎನ್ನುತ್ತಾರೆ. ಪವರ್ ಟೇಬಲ್ ಮುಂದೆ ಕೂತವನಿಗೆ ಆ ಪದದ ಹಂಗಿಲ್ಲ. ಕೇಳಿದರೆ ಬರುವ ಉತ್ತರ “ನಾನ್ ಆಂಬಳೆ ಸಾರ್”, ನಾನು ಗಂಡಸು. ಪ್ರಶ್ನೆ ಇದ್ದದ್ದು ಯಾರನ್ನು ಬಯಸುತ್ತೀಯ ಎಂದು, ಉತ್ತರ ಬಂದದ್ದು ನಾನು ಯಾರು ಎಂದು. ಅವನು ನುಣುಚಿಕೊಳ್ಳುತ್ತಿಲ್ಲ. ಅವನ ಲೆಕ್ಕದಲ್ಲಿ ಹಾಸಿಗೆಯ ಮೇಲೆ ಗಂಡಿನ ಪಾಲು ತನ್ನದಾಗಿದ್ದರೆ ಗಂಡಸುತನಕ್ಕೆ ಕುಂದಿಲ್ಲ, ಎದುರಿನ ದೇಹ ಯಾರದೇ ಆಗಿರಲಿ. ಮಜವೆಂದರೆ ಕೋತಿಯೂ ಈ ಲೆಕ್ಕ ಒಪ್ಪುತ್ತಾರೆ. ಪಂತಿ ಎಂದುಕೊಂಡಿದ್ದವನು ಒಂದು ರಾತ್ರಿ ಪಾಲು ಬದಲಿಸಿದರೆ ಮರುದಿನವೇ ಅವನಿಗೆ ಬೇರೆ ಹೆಸರು: ಡಬಲ್ ಡೆಕ್ಕರ್. ಮೇಲಂತಸ್ತು, ಕೆಳಅಂತಸ್ತು ಎರಡೂ ಇರುವ ಬಸ್ಸು. ಹೇಳುವಾಗ ದನಿಯಲ್ಲಿ ಸ್ವಲ್ಪ ನಿರಾಸೆ, ಸ್ವಲ್ಪ ನಗು.

ಮೂರು ಸಂಗತಿಗಳು ಇಲ್ಲಿ ಬೇರೆಬೇರೆ ಎಳೆಗಳಾಗಿ ಬಿಚ್ಚಿಕೊಳ್ಳುತ್ತವೆ. ಏನು ಮಾಡಿದ ಎಂಬುದು ನಡತೆ. ಮನಸ್ಸು ಯಾರತ್ತ ವಾಲುತ್ತದೆ ಎಂಬುದು ಒಲವು. ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆ ಎಂಬುದು ಗುರುತು. ಪಂತಿ ಎನ್ನಿಸಿಕೊಂಡವರಲ್ಲಿ ಹೆಂಗಸರತ್ತಲೇ ಮನಸ್ಸಿದ್ದು, ಊರು ಬಿಟ್ಟು ಆರು ಜನ ಗಂಡಸರ ಕೋಣೆಯಲ್ಲಿ ಬದುಕುವಾಗ ಸಿಕ್ಕ ಸಂಗ ಬೇಡವೆನ್ನದವನಿದ್ದಾನೆ. ಇಬ್ಬರತ್ತಲೂ ಒಲವಿರುವವನಿದ್ದಾನೆ. ಗಂಡಸರನ್ನೇ ಬಯಸಿ, ಮನೆಯವರಿಗಾಗಿ ತಾಳಿ ಕಟ್ಟಿದವನೂ ಇದ್ದಾನೆ. ಹೊರಗಿನಿಂದ ಮೂವರೂ ಒಂದೇ ಥರ ಕಾಣುತ್ತಾರೆ. ಮೂರನೆಯವನ ಕಥೆಯನ್ನು ಮೂವರಿಗೂ ಹಚ್ಚಿ ‘ಮುಚ್ಚಿಟ್ಟುಕೊಂಡಿದ್ದಾನೆ’ ಎಂದು ತೀರ್ಪು ಕೊಡುವವರ ಅವಸರ ನನಗೆ ಹಿಡಿಸುವುದಿಲ್ಲ.

ಏಡ್ಸ್ ಬಂದ ಮೇಲೆ ವೈದ್ಯರಿಗೆ ಗುರುತನ್ನು ಬದಿಗಿಟ್ಟು ನಡತೆಯನ್ನಷ್ಟೇ ಹೇಳುವ ಪದ ಬೇಕಾಯಿತು. ಹಾಗೆ ‘ಗಂಡಸರೊಂದಿಗೆ ಸಂಭೋಗಿಸುವ ಗಂಡಸರು’ ಎಂಬ ಉದ್ದನೆಯ ಮಾತು ಹುಟ್ಟಿ, 1990ರ ದಶಕದಲ್ಲಿ ಎಂ.ಎಸ್.ಎಂ. ಎಂದು ಮೊಟಕಾಯಿತು. ಪಂತಿಯಂಥವನನ್ನೂ ಒಳಗೊಳ್ಳಲೆಂದು ಬಂದ ಪದ ಅದು. ನಮ್ಮಲ್ಲಿ ಅದಕ್ಕೆ ಒದಗಿದ ಗತಿ ನೋಡಿ. ಏಡ್ಸ್ ತಡೆಯ ಕೆಲಸದಲ್ಲಿ ಕೈಗೆ ಸಿಗುವವರು ಗುಂಪಾಗಿ ಸೇರುವ ಕೋತಿಗಳು. ಹಾಗಾಗಿ ಕಾರ್ಯಕರ್ತರ ಬಾಯಲ್ಲಿ ಎಂ.ಎಸ್.ಎಂ. ಎಂದರೆ ಕೋತಿ ಎಂದೇ ಆಗಿಬಿಟ್ಟಿತು, “ನಾನು ಎಂ.ಎಸ್.ಎಂ.” ಎಂದು ಪರಿಚಯ ಹೇಳಿಕೊಳ್ಳುವವರೂ ಬಂದರು. ನಡತೆಗೆ ಇಟ್ಟ ಹೆಸರು ಗುರುತಾಗಿ ಕೂತಿತು. ಪಂತಿ ಮತ್ತೆ ಪಂತಿಯಿಂದ ಹೊರಗುಳಿದ.

ಇದರ ಪರಿಣಾಮ ಒಂದು ಪರೀಕ್ಷಾ ಕೇಂದ್ರದ ಮೇಜಿನ ಮೇಲೆ ಹೇಗೆ ಕಾಣುತ್ತದೆಂದು ನೋಡೋಣ. ತಾಳವಾಡಿ ಕಡೆಯ, ಮನೆಮಾತು ಕನ್ನಡದ ಕಟಿಂಗ್ ಮಾಸ್ಟರ್ ಒಬ್ಬ ಇದ್ದಾನೆಂದುಕೊಳ್ಳಿ. ಹೆಂಡತಿ ಊರಿನಲ್ಲಿ. ಶನಿವಾರ ಸಂಬಳ, ತಿಂಗಳಿಗೊಮ್ಮೆ ಮನೆ. ಶಿಶ್ನದ ಮೇಲೆ ನೋವಿಲ್ಲದ ಒಂದು ಹುಣ್ಣಾಗಿ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯಿತು. ಈಗ ಅಂಗೈಯಲ್ಲಿ ಕೆಂಪು ಕಲೆ ಎದ್ದಿದೆ ಎಂದು ಬಂದಿದ್ದಾನೆ. ಕೌನ್ಸೆಲರ್ ಕೇಳುತ್ತಾರೆ: “ಓರಿನಚ್ಚೇರ್ಕೈ ಉಂಟಾ?” ಸಲಿಂಗಕಾಮ ಉಂಟೇ? ಅವನಿಗೆ ಅವಮಾನವಾಗುತ್ತದೆ. ಇಲ್ಲ. “ಹೊರಗಡೆ ಹೆಂಗಸರ ಸಹವಾಸ?” ಇಲ್ಲ. ಎರಡೂ ಅವನ ಮಟ್ಟಿಗೆ ನಿಜ. ಫೈಲಿನಲ್ಲಿ ಅವನು ವಲಸೆ ಕಾರ್ಮಿಕ, ಮದುವೆಯಾದವನು, ಅಪಾಯ ಕಡಿಮೆ. ರಕ್ತ ತೆಗೆಯದೆ ಮುಲಾಮು ಕೊಟ್ಟು ಕಳಿಸಿದರೆ ಆ ಕಲೆಯೂ ಹುಣ್ಣಿನಂತೆ ತಾನಾಗಿಯೇ ಹೋಗುತ್ತದೆ, ರೋಗ ಉಳಿಯುತ್ತದೆ.

ಪಳಗಿದ ಕೌನ್ಸೆಲರ್ ಹೆಸರನ್ನೇ ಎತ್ತುವುದಿಲ್ಲ. “ಎಲ್ಲರಿಗೂ ಕೇಳೋದು ಇದು. ಹೋದ ಆರು ತಿಂಗಳಲ್ಲಿ ಹೆಂಡತಿ ಬಿಟ್ಟು ಬೇರೆ ಯಾರ ಜೊತೆ ಸೇರಿದ್ದೀರಿ? ಹೆಂಗಸರಾ, ಗಂಡಸರಾ, ತಿರುನಂಗೈ ಆದವರಾ?” ಮೂರನ್ನೂ ಒಂದೇ ದನಿಯಲ್ಲಿ, ನಿಲ್ಲಿಸದೆ. “ಒಬ್ಬ ಹುಡುಗ ಇದ್ದಾನೆ ಸಾರ್. ಸುಮ್ನೆ ಜಾಲಿಗೆ” ಎನ್ನುತ್ತಾನೆ ಮಾಸ್ಟರ್. ಜಾಲಿ! ನಡತೆಯನ್ನು ಒಪ್ಪಿಕೊಂಡು ಗುರುತನ್ನು ಬಾಗಿಲಲ್ಲೇ ತಡೆಯುವ ಪದ ಅದು. ಕೌನ್ಸೆಲರ್ ಅದನ್ನು ತಿದ್ದುವುದಿಲ್ಲ. ಮುಂದಿನ ಪ್ರಶ್ನೆ ಕಾಂಡೋಮಿನದು. ಹಾಕ್ತೀನಿ ಸಾರ್, ಹರಿದುಹೋಗುತ್ತದೆ. ಜಾರಲು ಏನು ಹಚ್ಚುತ್ತೀರಿ? ಕೊಬ್ಬರಿ ಎಣ್ಣೆ. ಕಾರಣ ಅಲ್ಲಿತ್ತು. ಎಣ್ಣೆ ಸೋಕಿದ ಲ್ಯಾಟೆಕ್ಸ್ ಬಲ ಕಳೆದುಕೊಳ್ಳುತ್ತದೆ, ಇದಕ್ಕೆ ನೀರಿನಂಶದ ಜೆಲ್ ಬೇಕು. ಎಂ.ಎಸ್.ಎಂ. ಎಂದು ಹೆಸರು ಬರೆಸಿಕೊಂಡವರಿಗೆ ಕಾಂಡೋಮಿನ ಜೊತೆ ಜೆಲ್ಲಿನ ಮಾತೂ ತಲುಪುತ್ತದೆ. ವಲಸೆ ಕಾರ್ಮಿಕನಿಗೆ ಹೇಳುವ ಪಾಠದಲ್ಲಿ ಆ ಮಾತು ಬರುವುದು ಕಡಿಮೆ, ಅವನ ಅಪಾಯವೆಲ್ಲ ಹೆಂಗಸರಿಂದಲೇ ಎಂಬ ಎಣಿಕೆ.

ನ್ಯೂಯಾರ್ಕಿನಂಥ ಊರಿನಲ್ಲೂ ಇದೇ ಕಥೆ. 2003ರಲ್ಲಿ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸರನ್ನು ದೂರವಾಣಿಯಲ್ಲಿ ಕೇಳಿದಾಗ, ತಾವು ಸ್ಟ್ರೇಟ್ ಎಂದವರಲ್ಲಿ ಹತ್ತರಲ್ಲಿ ಒಬ್ಬನಷ್ಟು ಮಂದಿ ಹಿಂದಿನ ವರ್ಷ ಗಂಡಸರೊಡನೆ ಕೂಡಿದ್ದರು. ಗೇ ಎಂದುಕೊಂಡವರಿಗಿಂತ ಇವರು ಕಾಂಡೋಮು ಬಳಸಿದ್ದೂ ಕಡಿಮೆ, ಎಚ್‌ಐವಿ ಪರೀಕ್ಷೆ ಮಾಡಿಸಿದ್ದೂ ಕಡಿಮೆ. ಎಚ್ಚರಿಕೆಯ ಮಾತೆಲ್ಲ ಗುರುತಿನ ವಿಳಾಸಕ್ಕೆ ಹೋಗುತ್ತದೆ, ಆ ವಿಳಾಸದಲ್ಲಿ ಇವರು ವಾಸವಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಪ್ಪಿಗೆಯ ಸಲಿಂಗ ಸಂಬಂಧವನ್ನು 377ನೇ ಕಲಮಿನಿಂದ ಬಿಡಿಸಿತು. 2022ರಲ್ಲಿ ತಮಿಳುನಾಡು ಸರ್ಕಾರ, ಮದ್ರಾಸ್ ಹೈಕೋರ್ಟಿನ ಒತ್ತಾಸೆಯಿಂದ, ಲೈಂಗಿಕ ಅಲ್ಪಸಂಖ್ಯಾತರನ್ನು ಗೌರವದಿಂದ ಕರೆಯಲು ಪದಕೋಶವನ್ನೇ ಗೆಜೆಟ್ಟಿನಲ್ಲಿ ಪ್ರಕಟಿಸಿತು. ಹೆಸರು ಬೇಕಾದವರಿಗೆ ಅದು ದೊಡ್ಡ ಸಂಗತಿ. ನಮ್ಮ ಮಾಸ್ಟರ್‌ಗೆ ಆ ಕೋಶದ ಯಾವ ಪದವೂ ಬೇಡ.

ಅವನ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂತು, ಮೂರು ತಿಂಗಳಿಗೆ ಇನ್ನೊಮ್ಮೆ ಬರಬೇಕು. ಸಿಫಿಲಿಸ್ ಇದೆ. ಇಪ್ಪತ್ತನಾಲ್ಕು ಲಕ್ಷ ಯೂನಿಟ್ ಪೆನಿಸಿಲಿನ್ನನ್ನು ಕುಂಡೆಗೆ ಚುಚ್ಚಿಸಿಕೊಂಡು ಎದ್ದ ಅವನಿಗೆ, ಆ ಹುಡುಗನನ್ನೂ ಹೆಂಡತಿಯನ್ನೂ ಕರೆತರಬೇಕೆಂದು ಕೌನ್ಸೆಲರ್ ಹೇಳಿದರು. ಹುಡುಗನನ್ನು ಈ ಶನಿವಾರವೇ ಕರೆತರುತ್ತೇನೆ ಎಂದ. ಹೆಂಡತಿಯ ಮಾತಿಗೆ ಬಹಳ ಹೊತ್ತು ಸುಮ್ಮನಿದ್ದು, “ಅವಳಿಗೆ ಯಾವ ಹೆಂಗಸು ಅಂತ ಹೇಳಲಿ ಸಾರ್?” ಎಂದು ಕೇಳಿದ.