ಕಾರಿನ ಸವಕಳಿ ಮತ್ತು ಮರುಮಾರಾಟ ಬೆಲೆ

ಕಾರು ಕೊಳ್ಳಲು ಕೊಟ್ಟ ಹಣಕ್ಕೂ ಕೆಲವು ವರ್ಷ ಓಡಿಸಿ ಮಾರಿದಾಗ ಕೈಗೆ ಬರುವ ಹಣಕ್ಕೂ ಇರುವ ಅಂತರವೇ ಸವಕಳಿ. ಪೆಟ್ರೋಲ್ ಖರ್ಚಿನಂತೆ ಇದು ದಿನದಿನವೂ ಕಾಣುವುದಿಲ್ಲ, ಮಾರುವ ದಿನ ಒಟ್ಟಿಗೇ ಕಾಣುತ್ತದೆ. ಭಾರತದಲ್ಲಿ ಎಲ್ಲ ಕಾರುಗಳೂ ಒಂದೇ ವೇಗದಲ್ಲಿ ಬೆಲೆ ಕಳೆದುಕೊಳ್ಳುವುದಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಈ ವ್ಯತ್ಯಾಸ ಸ್ಪಷ್ಟವಾಗಿರುತ್ತದೆ.

ಅಳೆಯುವ ಬಗೆ

ಸವಕಳಿಯನ್ನು ಎಕ್ಸ್ ಷೋರೂಂ ಬೆಲೆಯಿಂದ ಎಣಿಸಿದರೆ ಒಂದು ಉತ್ತರ, ಆನ್ ರೋಡ್ ಬೆಲೆಯಿಂದ ಎಣಿಸಿದರೆ ಮತ್ತೊಂದು. ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂಪಾಯಿಯ ಪೆಟ್ರೋಲ್ ಕಾರಿಗೆ ಬೆಲೆಯ ಶೇ. 14ರಷ್ಟು ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ ಬೀಳುತ್ತದೆ. ಅದೂ ಮಾಲೀಕನ ಜೇಬಿನಿಂದಲೇ ಹೋದ ಹಣವಾದ್ದರಿಂದ ಆನ್ ರೋಡ್ ಲೆಕ್ಕವೇ ನಿಜವಾದ ಲೆಕ್ಕ.

ಎರಡು ಕಾರುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲನೆಯದು 8 ಲಕ್ಷದ ಸಣ್ಣ ಪೆಟ್ರೋಲ್ ಕಾರು. ಆನ್ ರೋಡ್ 9.6 ಲಕ್ಷ, ನಾಲ್ಕು ವರ್ಷದ ಮೇಲೆ 5.2 ಲಕ್ಷಕ್ಕೆ ಹೋಯಿತು. ನಷ್ಟ 4.4 ಲಕ್ಷ, ಅಂದರೆ ಸುಮಾರು ಶೇ. 46. ಎರಡನೆಯದು 16 ಲಕ್ಷದ ಸೆಡಾನ್. ಆನ್ ರೋಡ್ 19.6 ಲಕ್ಷ, ಮಾರಾಟವಾದದ್ದು 9.2 ಲಕ್ಷಕ್ಕೆ. ನಷ್ಟ 10.4 ಲಕ್ಷ, ಸುಮಾರು ಶೇ. 53. ಶೇಕಡಾವಾರು ನೋಡಿದರೆ ಅಂತರ ದೊಡ್ಡದಲ್ಲ. ಆದರೆ ಎರಡೂ 48,000 ಕಿ.ಮೀ. ಓಡಿದ್ದರೆ, ಸವಕಳಿಯ ಲೆಕ್ಕದಲ್ಲೇ ಸಣ್ಣ ಕಾರು ಕಿಲೋಮೀಟರಿಗೆ ಸುಮಾರು 9 ರೂಪಾಯಿ ತಿಂದಿದೆ, ಸೆಡಾನ್ 21 ರೂಪಾಯಿ ದಾಟಿದೆ. ಹಾಗಾಗಿ ಶೇಕಡಾವಾರಿನ ಜೊತೆಗೆ ರೂಪಾಯಿಯಲ್ಲೂ ನೋಡಬೇಕು.

ವಿಮಾ ಪತ್ರದಲ್ಲಿರುವ ಐಡಿವಿ ಮೊತ್ತವನ್ನೇ ಮಾರುಕಟ್ಟೆ ಬೆಲೆ ಎಂದು ಹಲವರು ತಿಳಿಯುತ್ತಾರೆ. ಅದು ವಯಸ್ಸನ್ನಷ್ಟೇ ನೋಡುವ ಸಿದ್ಧ ಕೋಷ್ಟಕ: ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50 ಕಡಿತ. ಬೇಡಿಕೆಯಿರುವ ಕಾರಿಗೂ ಯಾರೂ ಕೇಳದ ಕಾರಿಗೂ ಅಲ್ಲಿ ಒಂದೇ ದರ.

ಬೆಲೆ ಉಳಿಸಿಕೊಳ್ಳುವ ಕಾರುಗಳು

ಸೆಕೆಂಡ್ ಹ್ಯಾಂಡ್ ಕೊಳ್ಳುವವನ ಭಯ ಒಂದೇ: ಕೆಟ್ಟರೆ ಎಲ್ಲಿ ರಿಪೇರಿ, ಎಷ್ಟು ಖರ್ಚು? ಈ ಭಯ ಕಡಿಮೆಯಿದ್ದಷ್ಟೂ ಬೆಲೆ ನಿಲ್ಲುತ್ತದೆ. ಮಾರುತಿಯ ವ್ಯಾಗನ್ ಆರ್, ಸ್ವಿಫ್ಟ್‌ನಂಥ ಸಣ್ಣ ಪೆಟ್ರೋಲ್ ಕಾರುಗಳಿಗೆ ತಾಲ್ಲೂಕು ಕೇಂದ್ರದಲ್ಲೂ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗವೂ ಸಿಗುತ್ತದೆ. ಮೊದಲ ಕಾರು ಕೊಳ್ಳುವ ಕುಟುಂಬಗಳು ಹುಡುಕುವುದೂ ಇವನ್ನೇ. ದೊಡ್ಡ ಕಾರುಗಳಲ್ಲಿ ಟೊಯೊಟಾದ ಇನ್ನೋವಾ, ಫಾರ್ಚೂನರ್ ಇದೇ ಕಾರಣಕ್ಕೆ ಗಟ್ಟಿ, ಲಕ್ಷಗಟ್ಟಲೆ ಕಿ.ಮೀ. ತಾಳುತ್ತವೆ ಎಂಬ ಹೆಸರಿರುವುದರಿಂದ ಟ್ಯಾಕ್ಸಿ ಮಾಲೀಕರೂ ಇನ್ನೋವಾವನ್ನು ಕೇಳಿ ಬರುತ್ತಾರೆ. ಬೇಡಿಕೆಯಿರುವ ಕಾಂಪ್ಯಾಕ್ಟ್ ಎಸ್‌ಯುವಿಗಳು ಇವುಗಳ ನಂತರದ ಸಾಲಿನಲ್ಲಿ ಬರುತ್ತವೆ.

ಬೇಗ ಬೆಲೆ ಕಳೆದುಕೊಳ್ಳುವವು

ಐಷಾರಾಮಿ ಸೆಡಾನ್‌ಗಳ ಬೆಲೆ ಬಲು ಬೇಗ ಇಳಿಯುತ್ತದೆ. ಕಾರು ಅರ್ಧ ಬೆಲೆಗೆ ಸಿಕ್ಕರೂ ಬಿಡಿಭಾಗಕ್ಕೆ ಪೂರ್ತಿ ಬೆಲೆಯನ್ನೇ ಕೊಡಬೇಕಲ್ಲ! ಕಂಪನಿ ದೇಶ ಬಿಟ್ಟರೂ ಇದೇ ಪಾಡು: ಷೆವರ್ಲೆ 2017ರಲ್ಲಿ ಭಾರತದ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ಉತ್ಪಾದನೆ ಕೈಬಿಡುವುದಾಗಿ ಘೋಷಿಸಿತು, ಸರ್ವೀಸ್ ಮುಂದುವರಿದರೂ ಕೊಳ್ಳುವವರ ಧೈರ್ಯ ಕುಗ್ಗಿತು. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ಅಂಜಿಕೆ ಇದೆ. ಜೊತೆಗೆ ಪ್ರತಿ ಹೊಸ ಮಾದರಿ ಹೆಚ್ಚು ದೂರ ಓಡುವುದರಿಂದ ಹಳೆಯದು ಬೇಗ ಹಿಂದೆ ಬೀಳುತ್ತದೆ.

ಹೊಸ ಕಾರಿನ ಬೆಲೆ ಇಳಿದರೆ ಹಳೆಯದೂ ಇಳಿಯಲೇಬೇಕು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಬಂದಾಗ, ಹಿಂದೆ ಹೆಚ್ಚು ತೆರಿಗೆ ತೆತ್ತು ಕೊಂಡಿದ್ದವರ ಕಾರಿನ ಬೆಲೆಯೂ ಒತ್ತಡಕ್ಕೆ ಸಿಕ್ಕಿತು.

ಒಂದೇ ಮಾದರಿಯೊಳಗಿನ ವ್ಯತ್ಯಾಸ

ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳ ಬೆಲೆಯೂ ಸಮ ಇರುವುದಿಲ್ಲ. ಒಬ್ಬನೇ ಮಾಲೀಕ, ಪೂರ್ತಿ ಸರ್ವೀಸ್ ದಾಖಲೆ, ಅಪಘಾತವಿಲ್ಲದ ಬಾಡಿ ಇದ್ದರೆ ಚೌಕಾಸಿ ಕಡಿಮೆ. ಮೀಟರ್ ತಿರುಗಿಸಿದ್ದಾರೆಯೇ ಎಂದು ತಿಳಿಯಲು ಟೈರನ್ನು ನೋಡಬಹುದು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ: 2321 ಎಂದರೆ 2021ರ 23ನೇ ವಾರ. 2021ರ ಕಾರಿನ ಮೀಟರು 22,000 ಕಿ.ಮೀ. ತೋರಿಸುತ್ತಾ ನಾಲ್ಕೂ ಟೈರುಗಳು 2024ರವಾಗಿದ್ದರೆ ಕಾರಣ ಕೇಳಲೇಬೇಕು, ಸರ್ವೀಸ್ ಬಿಲ್ಲುಗಳಲ್ಲಿ ಬರೆದಿರುವ ಕಿ.ಮೀ.ಯೊಂದಿಗೆ ತಾಳೆ ನೋಡಬೇಕು. ಬಾನೆಟ್ ಎತ್ತಿ ಫೆಂಡರಿನ ಬೋಲ್ಟುಗಳಲ್ಲಿ ಸ್ಪ್ಯಾನರ್ ತಿರುಗಿಸಿದ ಗುರುತಿದೆಯೇ ಎಂದೂ ನೋಡುತ್ತಾರೆ. ಇದ್ದರೆ ಆ ಭಾಗವನ್ನು ಒಮ್ಮೆ ಬಿಚ್ಚಿದ್ದಾರೆ ಎಂದರ್ಥ.

ನಾಲ್ಕು ವರ್ಷಕ್ಕೆ ಮಾರುವ ಉದ್ದೇಶವಿದ್ದವರಿಗೆ ವ್ಯಾಪಕ ಸರ್ವೀಸ್ ಜಾಲವಿರುವ ಸಣ್ಣ ಪೆಟ್ರೋಲ್ ಕಾರೇ ರೂಪಾಯಿ ಲೆಕ್ಕದಲ್ಲಿ ಅತಿ ಕಡಿಮೆ ನಷ್ಟದ ಆಯ್ಕೆ.